ಫ್ರಂಟ್ ಆಫೀಸ್ ಟ್ರೈನಿಯ ಅರ್ಜಿಪತ್ರ: ಹೋಟೆಲ್ ಮಾಲೀಕರು ಓದಬೇಕಾದ ಬಗೆ

ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಅಂತಿಮ ಸೆಮಿಸ್ಟರಿನ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ವಸತಿಗೃಹಗಳ ಮಾಲೀಕರ ಮೇಜಿಗೆ ಅರ್ಜಿಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಫ್ರಂಟ್ ಆಫೀಸ್ ಟ್ರೈನಿ ಹುದ್ದೆಗೆ ಸಂಬಂಧಿಸಿದವು. ಪ್ರತಿ ಅರ್ಜಿಯಲ್ಲಿಯೂ ಎರಡು ಮೂರು ಪುಟಗಳ ಬಯೋಡೇಟಾ ಹಾಗೂ ಅದರ ಮೇಲೆ ಒಂದು ಪುಟದ ಕವರಿಂಗ್ ಲೆಟರ್ ಇರುತ್ತದೆ. ಬಹುತೇಕ ಮಾಲೀಕರು ಬಯೋಡೇಟಾದಲ್ಲಿರುವ ಅಂಕಗಳನ್ನು ನೋಡಿ, ಪತ್ರವನ್ನು ಓದದೆಯೇ ಬದಿಗಿಡುತ್ತಾರೆ. ಅಭ್ಯರ್ಥಿ ಏನು ಓದಿದ್ದಾನೆ ಎಂಬುದನ್ನು ಬಯೋಡೇಟಾ ತಿಳಿಸುತ್ತದೆ. ತಾನು ಮಾಡಬೇಕಾದ ಕೆಲಸ ಯಾವುದೆಂದು ಅವನು ಭಾವಿಸಿದ್ದಾನೆ ಎಂಬುದನ್ನು ಪತ್ರ ತಿಳಿಸುತ್ತದೆ. ಹೋಟೆಲಿಗೆ ಬರುವ ಹಣದ ಬಹುಪಾಲು ಹಾದು ಹೋಗುವುದು ಫ್ರಂಟ್ ಆಫೀಸಿನ ಕೌಂಟರಿನ ಮೂಲಕವೇ. ಆದುದರಿಂದ ಆ ಕೌಂಟರಿನಲ್ಲಿ ನಿಲ್ಲಬಯಸುವವನ ಪತ್ರವನ್ನು ಲೆಕ್ಕಪತ್ರವನ್ನು ಪರಿಶೀಲಿಸುವ ರೀತಿಯಲ್ಲಿಯೇ, ಅಂದರೆ ಪ್ರತಿ ಹೇಳಿಕೆಗೂ ವೋಚರ್ ಎಲ್ಲಿದೆ ಎಂದು ಕೇಳುತ್ತಾ ಓದುವುದು ಯುಕ್ತ.

1. ಹುದ್ದೆಯ ನಿಜವಾದ ಸ್ವರೂಪ

ಫ್ರಂಟ್ ಆಫೀಸ್ ಎಂದೊಡನೆ ನಗುಮುಖ, ಟೈ, ನಿರರ್ಗಳವಾದ ಇಂಗ್ಲಿಷ್ ಇವು ಮನಸ್ಸಿಗೆ ಬರುತ್ತವೆ. ಇವು ಬೇಕಾದವುಗಳೇ. ಆದರೆ ನಲವತ್ತು ಐವತ್ತು ಕೊಠಡಿಗಳ ಹೋಟೆಲಿನಲ್ಲಿ ಈ ವಿಭಾಗದ ದಿನನಿತ್ಯದ ಕೆಲಸ ಬೇರೆಯೇ ಆಗಿದೆ. ಅತಿಥಿ ಬಂದಾಗ ರಿಜಿಸ್ಟರ್ ತುಂಬಿಸಿ, ಗುರುತಿನ ದಾಖಲೆಯ ಪ್ರತಿ ಪಡೆಯಬೇಕು. ವಿದೇಶಿ ಅತಿಥಿಯಾದರೆ, ವೃತ್ತಿಯಲ್ಲಿ ‘ಸಿ ಫಾರಂ’ ಎಂದೇ ರೂಢಿಯಲ್ಲಿರುವ ಮಾಹಿತಿಯನ್ನು 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಕೊಠಡಿ ಕೊಟ್ಟ ಕ್ಷಣದಿಂದ ಅತಿಥಿಯ ಹೆಸರಿನಲ್ಲಿ ಒಂದು ಖಾತೆ ತೆರೆಯುತ್ತದೆ. ಇದಕ್ಕೆ ಹೋಟೆಲ್ ಉದ್ಯಮದಲ್ಲಿ ‘ಫೋಲಿಯೊ’ ಎನ್ನುತ್ತಾರೆ. ಬಾಡಿಗೆ, ಊಟ, ಲಾಂಡ್ರಿ, ತೆರಿಗೆ ಇವೆಲ್ಲ ಆ ಖಾತೆಗೆ ಖರ್ಚು ಬೀಳುತ್ತವೆ. ಮುಂಗಡ ಮತ್ತು ಪಾವತಿಗಳು ಜಮೆಯಾಗುತ್ತವೆ. ಅತಿಥಿ ಹೊರಡುವಾಗ ಬಾಕಿ ಶೂನ್ಯವಾಗಬೇಕು.

ದಿನದ ಕೊನೆಯಲ್ಲಿ, ಸಾಮಾನ್ಯವಾಗಿ ಮಧ್ಯರಾತ್ರಿಯ ನಂತರ, ‘ನೈಟ್ ಆಡಿಟ್’ ನಡೆಯುತ್ತದೆ. ತುಂಬಿದ ಪ್ರತಿ ಕೊಠಡಿಗೂ ಆ ದಿನದ ಬಾಡಿಗೆ ಹಾಗೂ ತೆರಿಗೆಯನ್ನು ಹಾಕಿ, ರೆಸ್ಟೋರೆಂಟ್ ಬಿಲ್ಲುಗಳನ್ನು ಫೋಲಿಯೊಗಳೊಂದಿಗೆ ತಾಳೆ ನೋಡಿ, ನಗದು, ಕಾರ್ಡ್ ಮತ್ತು ಯುಪಿಐ ಮೊತ್ತಗಳನ್ನು ಬೇರೆ ಬೇರೆಯಾಗಿ ಹೊಂದಿಸಿ, ದಿನವನ್ನು ಮುಚ್ಚುವ ಕ್ರಿಯೆ ಇದು. ವರ್ತಕರ ಮಾತಿನಲ್ಲಿ ಹೇಳುವುದಾದರೆ ಕಿರ್ದಿ ಕಟ್ಟುವ ಕೆಲಸ. ದೊಡ್ಡ ಹೋಟೆಲುಗಳಲ್ಲಿ ಇದಕ್ಕೆಂದೇ ಒಬ್ಬ ನೈಟ್ ಆಡಿಟರ್ ಇರುತ್ತಾನೆ. ಸಣ್ಣ ಹೋಟೆಲಿನಲ್ಲಿ ರಾತ್ರಿ ಪಾಳಿಯಲ್ಲಿರುವವನೇ ಈ ಕೆಲಸ ಮಾಡುತ್ತಾನೆ. ಕೆಲವೇ ತಿಂಗಳುಗಳಲ್ಲಿ ಆ ಸ್ಥಾನಕ್ಕೆ ಬರುವವನು ಇಂದಿನ ಟ್ರೈನಿಯೇ.

2. ಒಂದು ಪತ್ರ

ವಿಷಯದ ಸ್ಪಷ್ಟತೆಗಾಗಿ ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಹಂಪಿ ನೋಡಲು ಬರುವ ಪ್ರವಾಸಿಗರನ್ನೂ, ವ್ಯಾಪಾರಕ್ಕಾಗಿ ಬರುವವರನ್ನೂ ಅವಲಂಬಿಸಿದ ಹೊಸಪೇಟೆಯ 42 ಕೊಠಡಿಗಳ ಹೋಟೆಲೊಂದಕ್ಕೆ 2025ರ ನವೆಂಬರ್ ತಿಂಗಳಿನಲ್ಲಿ ಒಂದು ಅರ್ಜಿ ಬಂದಿತೆಂದು ಭಾವಿಸೋಣ. ಅಭ್ಯರ್ಥಿ ಗದಗದ ಯುವಕ. ಇಂಗ್ಲಿಷಿನಲ್ಲಿರುವ ಅವನ ಪತ್ರದ ಕನ್ನಡ ರೂಪ ಹೀಗಿದೆ:

“ಮಾನ್ಯರೇ,
ವಿಷಯ: ಫ್ರಂಟ್ ಆಫೀಸ್ ಟ್ರೈನಿ ಹುದ್ದೆಗೆ ಅರ್ಜಿ.
ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಮೇಲ್ಕಂಡ ಹುದ್ದೆಗೆ ಅರ್ಜಿ ಸಲ್ಲಿಸಲು ಹರ್ಷಿಸುತ್ತೇನೆ. ನಾನು 2024ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದಿದ್ದೇನೆ. ಬೆಂಗಳೂರಿನ ಪಂಚತಾರಾ ಹೋಟೆಲಿನಲ್ಲಿ ಐದು ತಿಂಗಳ ತರಬೇತಿ ಪಡೆದಿದ್ದು, ಚೆಕ್-ಇನ್, ಚೆಕ್-ಔಟ್, ನೈಟ್ ಆಡಿಟ್ ಮತ್ತು ಒಪೇರಾ ಸಾಫ್ಟ್‌ವೇರಿನಲ್ಲಿ ಪರಿಣತಿ ಹೊಂದಿದ್ದೇನೆ. ಉತ್ತಮ ಸಂವಹನ ಕೌಶಲ, ನಾಯಕತ್ವ ಗುಣ ಹಾಗೂ ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ ನನ್ನಲ್ಲಿವೆ. ಒಂದು ಅವಕಾಶ ನೀಡಿದಲ್ಲಿ ತಮ್ಮ ಸಂಸ್ಥೆಯ ಏಳಿಗೆಗಾಗಿ ಶ್ರಮಿಸುತ್ತೇನೆ.
ತಮ್ಮ ವಿಶ್ವಾಸಿ.”

ಪತ್ರದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಹೋಟೆಲಿನ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಇದೇ ಪತ್ರ ಅದೇ ದಿನ ಇಪ್ಪತ್ತು ಹೋಟೆಲುಗಳಿಗೆ ಹೋಗಿರಬಹುದು. ಇಂತಹ ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಮಾಲೀಕರನ್ನು ದೂರುವಂತಿಲ್ಲ. ಆದರೂ ಇದರಲ್ಲಿ ಪರಿಶೀಲನೆಗೆ ಯೋಗ್ಯವಾದ ಮೂರು ಅಂಶಗಳಿವೆ.

3. ಪತ್ರದ ಮೂರು ಅಂಶಗಳು

ಮೊದಲನೆಯದು ‘ಐದು ತಿಂಗಳ ಪಂಚತಾರಾ ತರಬೇತಿ’. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯಲ್ಲಿ ಸುಮಾರು ಒಂದು ಸೆಮಿಸ್ಟರಿನಷ್ಟು ಕಾಲ ವಿದ್ಯಾರ್ಥಿಯು ಹೋಟೆಲೊಂದರಲ್ಲಿ ತರಬೇತಿ ಪಡೆಯುವುದು ಪಠ್ಯಕ್ರಮದ ಭಾಗವಾಗಿದೆ. ಈ ಅವಧಿ ಒಂದೇ ವಿಭಾಗಕ್ಕೆ ಮೀಸಲಲ್ಲ. ಅಡುಗೆಮನೆ, ಊಟೋಪಚಾರ, ಹೌಸ್‌ಕೀಪಿಂಗ್ ಮತ್ತು ಫ್ರಂಟ್ ಆಫೀಸ್ ಎಂಬ ನಾಲ್ಕು ಮುಖ್ಯ ವಿಭಾಗಗಳಲ್ಲಿ ವಿದ್ಯಾರ್ಥಿಯನ್ನು ಸರದಿಯಂತೆ ಕಳುಹಿಸಲಾಗುತ್ತದೆ. ಹೀಗಾಗಿ ಐದು ತಿಂಗಳಲ್ಲಿ ಫ್ರಂಟ್ ಆಫೀಸಿನ ಪಾಲಿಗೆ ಬರುವುದು ಐದಾರು ವಾರಗಳು ಮಾತ್ರ. ಅದರಲ್ಲಿಯೂ ಸ್ವಲ್ಪ ಕಾಲ ಲಗೇಜು ಸಾಗಿಸುವ ಬೆಲ್ ಡೆಸ್ಕಿನಲ್ಲಿಯೇ ಕಳೆದಿರಬಹುದು. ಇದು ವಂಚನೆಯಲ್ಲ, ಪದ್ಧತಿಯೇ ಹಾಗಿದೆ. ಆದರೆ ಪತ್ರ ಓದುವವರಿಗೆ ಐದು ತಿಂಗಳೂ ಕೌಂಟರಿನಲ್ಲಿ ಕಳೆದಂತೆ ತೋರುತ್ತದೆ. ಇದರ ವೋಚರ್ ತರಬೇತಿ ಪ್ರಮಾಣಪತ್ರವಲ್ಲ, ತರಬೇತಿಯ ಲಾಗ್ ಪುಸ್ತಕ. ಯಾವ ವಾರ ಯಾವ ವಿಭಾಗದಲ್ಲಿ ಏನು ಮಾಡಲಾಯಿತು ಎಂಬ ದಾಖಲೆ ಅದರಲ್ಲಿರುತ್ತದೆ. ಅದನ್ನು ತರುವಂತೆ ಸೂಚಿಸಿದರೆ ಹೇಳಿಕೆಯ ನಿಜವಾದ ತೂಕ ಐದು ನಿಮಿಷಗಳಲ್ಲಿ ತಿಳಿಯುತ್ತದೆ.

ಎರಡನೆಯದು ‘ನೈಟ್ ಆಡಿಟ್ ಮತ್ತು ಒಪೇರಾದಲ್ಲಿ ಪರಿಣತಿ’. ಒಪೇರಾ ಎಂಬುದು ದೊಡ್ಡ ಹೋಟೆಲುಗಳಲ್ಲಿ ಬಳಕೆಯಲ್ಲಿರುವ ಕಂಪ್ಯೂಟರ್ ವ್ಯವಸ್ಥೆ. ಅಲ್ಲಿ ತರಬೇತಿಗೆ ಬಂದ ವಿದ್ಯಾರ್ಥಿಗೆ ಹಣದ ನಮೂದು ಮಾಡುವ ಅಧಿಕಾರವುಳ್ಳ ಲಾಗಿನ್ ಕೊಡುವುದು ವಿರಳ. ಹಿರಿಯ ನೌಕರನ ಹಿಂದೆ ನಿಂತು ನೋಡಿದ್ದೂ ‘ಪರಿಣತಿ’ ಎಂದೇ ಪತ್ರದಲ್ಲಿ ಬರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ನೋಡಿದ್ದೆಷ್ಟು, ಕೈಯಾರೆ ಮಾಡಿದ್ದೆಷ್ಟು?” ಪ್ರಾಮಾಣಿಕ ಅಭ್ಯರ್ಥಿ ಎರಡನ್ನೂ ಬಿಡಿಸಿ ಹೇಳುತ್ತಾನೆ. ಮೂರು ರಾತ್ರಿ ನೋಡಿದ್ದೇನೆ ಎಂದವನಿಗೆ ಕಲಿಸಬಹುದು. ಎಲ್ಲವೂ ಬರುತ್ತದೆ ಎಂದು ಪಟ್ಟು ಹಿಡಿದವನ ಕೈಗೆ ಗಲ್ಲಾ ಕೊಡುವ ಮೊದಲು ಯೋಚಿಸಬೇಕು.

ಮೂರನೆಯದು ಪತ್ರದಲ್ಲಿ ಇಲ್ಲದ ಅಂಶ. ಪದವಿ ದೊರೆತದ್ದು 2024ರಲ್ಲಿ. ಅರ್ಜಿ ಬಂದದ್ದು 2025ರ ನವೆಂಬರಿನಲ್ಲಿ. ನಡುವಿನ ಒಂದೂವರೆ ವರ್ಷದಷ್ಟು ಕಾಲದ ಬಗ್ಗೆ ಒಂದು ಸಾಲೂ ಇಲ್ಲ. ಲೆಕ್ಕಪುಸ್ತಕದಲ್ಲಿ ಪುಟವೊಂದು ಖಾಲಿ ಇದ್ದರೆ ಲೆಕ್ಕಪರಿಶೋಧಕನು ಅಲ್ಲಿಯೇ ನಿಲ್ಲುತ್ತಾನೆ. ಓದುವ ಮಾಲೀಕರೂ ಅಲ್ಲಿ ನಿಲ್ಲಬೇಕು. ಆದರೆ ಖಾಲಿ ಪುಟವೆಂದರೆ ದೋಷವೇ ಎಂದು ಮೊದಲೇ ತೀರ್ಮಾನಿಸಬಾರದು.

4. ಖಾಲಿ ಪುಟದ ಹಿಂದೆ ಇದ್ದದ್ದು

ಈ ಉದಾಹರಣೆಯಲ್ಲಿ ಮಾಲೀಕರು ದೂರವಾಣಿ ಮಾಡಿ, “ಪದವಿಯ ನಂತರ ಏನು ಮಾಡುತ್ತಿದ್ದಿರಿ?” ಎಂದು ಕೇಳುತ್ತಾರೆ. ಅಭ್ಯರ್ಥಿ ಸ್ವಲ್ಪ ಹಿಂಜರಿದು, “ಏನೂ ಇಲ್ಲ ಸರ್, ನಮ್ಮ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕುಳಿತಿದ್ದೆ” ಎನ್ನುತ್ತಾನೆ. ಮುಂದೆ ವಿಚಾರಿಸಿದಾಗ ತಿಳಿದುಬರುವುದು ಇಷ್ಟು: 2024ರ ಜುಲೈಯಿಂದ 2025ರ ಆಗಸ್ಟ್‌ವರೆಗೆ 14 ತಿಂಗಳು ಅವನು ಅಂಗಡಿಯ ಗಲ್ಲಾ ನೋಡಿಕೊಂಡಿದ್ದ. ಬೆಳಿಗ್ಗೆ ಚಿಲ್ಲರೆ ಎಣಿಸಿ ಪೆಟ್ಟಿಗೆ ತೆರೆಯುವುದು, ಬಿಲ್ಲು ಹಾಕುವುದು, ವಾಪಸು ಬಂದ ಮಾಲಿಗೆ ಹಣ ಮರಳಿಸುವಾಗ ಚೀಟಿ ಬರೆಯುವುದು, ರಾತ್ರಿ ಯುಪಿಐ ಮೊತ್ತವನ್ನು ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡಿ ನಗದನ್ನು ಮಾವನಿಗೆ ಒಪ್ಪಿಸುವುದು ಅವನ ನಿತ್ಯದ ಕೆಲಸವಾಗಿತ್ತು.

ಪಂಚತಾರಾ ಹೋಟೆಲಿನ ಐದಾರು ವಾರಗಳನ್ನು ದೊಡ್ಡದಾಗಿ ಬರೆದ ಅಭ್ಯರ್ಥಿ, ತಾನು ಸ್ವತಃ ಹಣದ ಜವಾಬ್ದಾರಿ ಹೊತ್ತ 14 ತಿಂಗಳುಗಳನ್ನು ಸಂಕೋಚದಿಂದ ಬಿಟ್ಟುಬಿಟ್ಟಿದ್ದಾನೆ. ಅಂಗಡಿಯ ಕೆಲಸ ಪದವಿಗೆ ತಕ್ಕುದಲ್ಲ, ಅದನ್ನು ಬರೆದರೆ ತನ್ನ ಬೆಲೆ ಕಡಿಮೆಯಾಗುತ್ತದೆ ಎಂಬುದು ಅವನ ಎಣಿಕೆ. ವಾಸ್ತವವಾಗಿ ಆ ಪತ್ರದಲ್ಲಿ ಇರಬೇಕಾಗಿದ್ದ ಅತ್ಯಂತ ಬೆಲೆಯುಳ್ಳ ಸಾಲು ಅದೇ. ಸಿಟ್ಟಾದ ಗಿರಾಕಿಯ ಮುಂದೆ ಲೆಕ್ಕ ತಪ್ಪದೆ ಚಿಲ್ಲರೆ ಕೊಡುವುದನ್ನು ಕಲಿತವನಿಗೆ ಹೋಟೆಲಿನ ಕೌಂಟರು ಹೊಸದಾಗಿ ಕಾಣಬಹುದೇ ಹೊರತು ಪರಕೀಯವಾಗಿ ಕಾಣುವುದಿಲ್ಲ. ಆ ಒಂದು ದೂರವಾಣಿ ಕರೆ ಇಲ್ಲದಿದ್ದರೆ ಅಭ್ಯರ್ಥಿ ಕೆಲಸವನ್ನೂ, ಮಾಲೀಕರು ತಕ್ಕ ನೌಕರನನ್ನೂ ಕಳೆದುಕೊಳ್ಳುತ್ತಿದ್ದರು.

5. ಸಂದರ್ಶನದಲ್ಲಿ ಒಂದು ಲೆಕ್ಕ

ಪತ್ರದ ಹೇಳಿಕೆಗಳನ್ನು ಪರೀಕ್ಷಿಸಲು ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗಿಂತ ಒಂದು ಚಿಕ್ಕ ಲೆಕ್ಕ ಹೆಚ್ಚು ಉಪಯುಕ್ತ. ಅಭ್ಯರ್ಥಿಗೆ ಕಾಗದ ಕೊಟ್ಟು ಹೀಗೆ ಕೇಳಬಹುದು: “ಕೊಠಡಿ ಬಾಡಿಗೆ ದಿನಕ್ಕೆ ರೂ. 2,400. ಅತಿಥಿ ಎರಡು ರಾತ್ರಿ ತಂಗಿದ್ದಾರೆ. ಬಂದ ದಿನ ರೂ. 2,000 ಮುಂಗಡ ಕೊಟ್ಟಿದ್ದಾರೆ. ಒಂದು ರಾತ್ರಿ ನಮ್ಮ ರೆಸ್ಟೋರೆಂಟಿನಲ್ಲಿ ರೂ. 640ರ ಊಟ ಮಾಡಿ ಕೊಠಡಿಯ ಲೆಕ್ಕಕ್ಕೆ ಬರೆಸಿದ್ದಾರೆ. ಹೊರಡುವಾಗ ಎಷ್ಟು ಕೊಡಬೇಕು?”

ದಿನಕ್ಕೆ ರೂ. 7,500ರವರೆಗಿನ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಶೇ. 5, ಇದಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಇಂತಹ ಹೋಟೆಲಿನ ರೆಸ್ಟೋರೆಂಟಿಗೂ ಸಾಮಾನ್ಯವಾಗಿ ಶೇ. 5 ದರವೇ ಅನ್ವಯ. ಅದರಂತೆ ಎರಡು ದಿನದ ಬಾಡಿಗೆ ರೂ. 4,800, ಅದರ ತೆರಿಗೆ ರೂ. 240, ಊಟ ರೂ. 640, ಅದರ ತೆರಿಗೆ ರೂ. 32. ಒಟ್ಟು ರೂ. 5,712. ಮುಂಗಡ ರೂ. 2,000 ಕಳೆದರೆ ಬರಬೇಕಾದ ಬಾಕಿ ರೂ. 3,712.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕೆಲವರು ಬಾಡಿಗೆ ಮತ್ತು ಊಟದ ಮೊತ್ತವಾದ ರೂ. 5,440ರಲ್ಲಿ ಮೊದಲು ಮುಂಗಡವನ್ನು ಕಳೆದು, ಉಳಿದ ರೂ. 3,440ಕ್ಕೆ ಮಾತ್ರ ತೆರಿಗೆ ಹಾಕಿ ರೂ. 3,612 ಎನ್ನುತ್ತಾರೆ. ವ್ಯತ್ಯಾಸ ರೂ. 100, ಅಂದರೆ ಮುಂಗಡದ ಮೇಲಿನ ತೆರಿಗೆ. ಅತಿಥಿ ಸಂತೋಷದಿಂದಲೇ ಹೊರಡುತ್ತಾರೆ. ಆ ನೂರು ರೂಪಾಯಿಯನ್ನು ಸರಕಾರಕ್ಕೆ ಕಟ್ಟುವವರು ಮಾಲೀಕರು. ಮುಂಗಡವು ರಿಯಾಯಿತಿಯಲ್ಲ, ಅದು ಖಾತೆಯಲ್ಲಿನ ಜಮೆ ಎಂಬ ತಿಳಿವಳಿಕೆ ಅಭ್ಯರ್ಥಿಗೆ ಇದೆಯೇ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ತೆರಿಗೆಯ ದರ ತಿಳಿಯದಿದ್ದರೆ ಅದು ದೊಡ್ಡ ಕೊರತೆಯಲ್ಲ. “ದರ ಎಷ್ಟು ಸರ್?” ಎಂದು ಕೇಳಿ ಲೆಕ್ಕ ಮಾಡಿದವನು, ಊಹಿಸಿ ಬರೆದವನಿಗಿಂತ ಉತ್ತಮ ಅಭ್ಯರ್ಥಿ.

6. ತಿದ್ದಿದ ಪತ್ರ

ಅದೇ ಅಭ್ಯರ್ಥಿ ತನ್ನ ಪತ್ರವನ್ನು ಸರಿಯಾಗಿ ಬರೆದಿದ್ದರೆ ಅದು ಈ ರೀತಿ ಇರುತ್ತಿತ್ತು. ಮಾಲೀಕರಿಗೆ ಇದು ಹೋಲಿಕೆಯ ಅಳತೆಗೋಲು. ಮನೆಯಲ್ಲಿ ಇದೇ ಶಿಕ್ಷಣ ಪಡೆಯುತ್ತಿರುವ ಮಕ್ಕಳಿದ್ದರೆ ಅವರಿಗೂ ಮಾದರಿಯಾಗಬಹುದು.

“ಮಾನ್ಯರೇ,
ವಿಷಯ: ಹೊಸಪೇಟೆಯ ತಮ್ಮ ಹೋಟೆಲಿನಲ್ಲಿ ಫ್ರಂಟ್ ಆಫೀಸ್ ಟ್ರೈನಿ ಹುದ್ದೆ.
ನಾನು 2024ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಪಡೆದಿದ್ದೇನೆ. 2024ರ ಜುಲೈಯಿಂದ 2025ರ ಆಗಸ್ಟ್‌ವರೆಗೆ ಗದಗದಲ್ಲಿ ನನ್ನ ಸೋದರಮಾವನವರ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಹಾಗೂ ನಗದು ಕೌಂಟರ್ ನೋಡಿಕೊಂಡಿದ್ದೇನೆ. ಪ್ರತಿ ರಾತ್ರಿ ನಗದು ಮತ್ತು ಯುಪಿಐ ಮೊತ್ತಗಳನ್ನು ಬಿಲ್ಲುಗಳೊಂದಿಗೆ ತಾಳೆ ನೋಡಿ ಒಪ್ಪಿಸುವುದು ನನ್ನ ಜವಾಬ್ದಾರಿಯಾಗಿತ್ತು.
ಪದವಿಯ ಅವಧಿಯಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಪಡೆದ ಐದು ತಿಂಗಳ ತರಬೇತಿಯಲ್ಲಿ ಐದು ವಾರ ಫ್ರಂಟ್ ಆಫೀಸಿನಲ್ಲಿದ್ದೆ: ಎರಡು ವಾರ ಬೆಲ್ ಡೆಸ್ಕ್, ಒಂದು ವಾರ ರಿಸರ್ವೇಷನ್, ಎರಡು ವಾರ ರಿಸೆಪ್ಷನ್. ಚೆಕ್-ಇನ್ ಕೆಲಸವನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದೇನೆ. ನೈಟ್ ಆಡಿಟ್ ಅನ್ನು ಮೂರು ರಾತ್ರಿ ನೋಡಿದ್ದೇನೆ, ಸ್ವತಂತ್ರವಾಗಿ ಮಾಡಿಲ್ಲ, ಕಲಿಯಬೇಕಾಗಿದೆ.
ಕನ್ನಡ, ಹಿಂದಿ, ಇಂಗ್ಲಿಷ್ ಮಾತನಾಡಬಲ್ಲೆ. ರಾತ್ರಿ ಪಾಳಿಗೆ ಸಿದ್ಧನಿದ್ದೇನೆ. ಲಾಗ್ ಪುಸ್ತಕ ಹಾಗೂ ಅಂಗಡಿಯಿಂದ ಪಡೆದ ಪತ್ರವನ್ನು ಸಂದರ್ಶನಕ್ಕೆ ತರುತ್ತೇನೆ. ತರಬೇತಿಯ ಅವಧಿ ಮತ್ತು ಅನಂತರದ ಹುದ್ದೆಯ ಬಗ್ಗೆ ತಿಳಿಸಬೇಕಾಗಿ ವಿನಂತಿ.
ತಮ್ಮ ವಿಶ್ವಾಸಿ.”

ಈ ಪತ್ರದಲ್ಲಿ ‘ನಾಯಕತ್ವ ಗುಣ’ ಇಲ್ಲ, ‘ಪ್ರತಿಷ್ಠಿತ ಸಂಸ್ಥೆ’ಯೂ ಇಲ್ಲ. ಆದರೆ ಪ್ರತಿ ವಾಕ್ಯವನ್ನೂ ಕಾಗದದಿಂದಲೋ, ಒಂದು ದೂರವಾಣಿ ಕರೆಯಿಂದಲೋ ಪರಿಶೀಲಿಸಬಹುದು. ‘ಸ್ವತಂತ್ರವಾಗಿ ಮಾಡಿಲ್ಲ’ ಎಂಬ ಮಾತು ಅಭ್ಯರ್ಥಿಯ ಬೆಲೆಯನ್ನು ತಗ್ಗಿಸುವುದಿಲ್ಲ. ಪಾಳಿ ಮುಗಿದಾಗ ಪೆಟ್ಟಿಗೆಯಲ್ಲಿ ನೂರು ರೂಪಾಯಿ ಕಡಿಮೆಯಾದರೆ ಅದನ್ನು ಮುಚ್ಚಿಡದೆ ಹೇಳುವವನು ಇವನೇ ಎಂಬ ಭರವಸೆಯನ್ನು ಅದು ಕೊಡುತ್ತದೆ.

7. ‘ಟ್ರೈನಿ’ ಎಂಬ ಪದದ ಹೊಣೆ

ಪತ್ರದ ಕೊನೆಯ ವಿನಂತಿಗೆ ಮಾಲೀಕರು ಸ್ಪಷ್ಟ ಉತ್ತರ ಕೊಡಬೇಕಾಗುತ್ತದೆ. ‘ಟ್ರೈನಿ’ ಎಂದು ಕರೆದ ಮಾತ್ರಕ್ಕೆ ಸಂಬಳ, ಭವಿಷ್ಯ ನಿಧಿ, ಇಎಸ್ಐ ಇವುಗಳ ಹೊಣೆ ತಪ್ಪುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಮಾಲೀಕರ ಮುಂದೆ ಎರಡು ದಾರಿಗಳಿವೆ.

ಒಂದು, 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ಒಪ್ಪಂದ ಮಾಡಿಕೊಂಡು, ಅದನ್ನು ನೋಂದಾಯಿಸಿ, ನಿಗದಿತ ಸ್ಟೈಪೆಂಡ್ ನೀಡುವುದು. ಹೀಗೆ ಬಂದವನನ್ನು ಕಾನೂನು ಕಲಿಯುವವನೆಂದು ಪರಿಗಣಿಸುತ್ತದೆ, ಕಾರ್ಮಿಕನೆಂದಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವೂ ಆಗಿದೆ. ಎರಡು, ಅಂತಹ ನೋಂದಣಿ ಇಲ್ಲದೆ ಸಾಮಾನ್ಯ ನೇಮಕ ಮಾಡುವುದು. ಆಗ ಆದೇಶದಲ್ಲಿ ‘ಟ್ರೈನಿ’ ಎಂದಿದ್ದರೂ ಪಾಳಿಯಲ್ಲಿ ದುಡಿಯುವವನು ನೌಕರನೇ. ಕನಿಷ್ಠ ವೇತನ ಕೊಡಬೇಕು. ಹತ್ತು ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ತಿಂಗಳ ವೇತನ ರೂ. 21,000ವನ್ನು ಮೀರದವರಿಗೆ ಇಎಸ್ಐ, ಇಪ್ಪತ್ತು ಅಥವಾ ಹೆಚ್ಚು ಜನರಿರುವಲ್ಲಿ ಭವಿಷ್ಯ ನಿಧಿ ಇವುಗಳ ನಿಯಮಗಳನ್ನು ಪಾಲಿಸಬೇಕು. ಇವೆರಡೂ ಅಲ್ಲದ ಮೂರನೆಯ ದಾರಿಯಲ್ಲಿ, ಅಂದರೆ ಕೈಬಾಯಿ ಮಾತಿನ ಮೇಲೆ ‘ಕಲಿಯಲು ಬಂದ ಹುಡುಗ’ ಎಂದು ಇಟ್ಟುಕೊಂಡರೆ, ತಪಾಸಣೆಯ ದಿನ ಹಿಂದಿನ ಬಾಕಿಯೂ ದಂಡವೂ ಒಟ್ಟಿಗೆ ಬರುತ್ತವೆ.

ಆದುದರಿಂದ ಮಾಲೀಕರ ಉತ್ತರಪತ್ರದಲ್ಲಿ ತರಬೇತಿಯ ಅವಧಿ, ಮಾಸಿಕ ಮೊತ್ತ, ಪಾಳಿಯ ವೇಳೆ, ವಾರದ ರಜೆ ಹಾಗೂ ಅವಧಿ ಮುಗಿದ ಮೇಲೆ ದೊರೆಯುವ ಹುದ್ದೆ ಇವಿಷ್ಟು ಇರಬೇಕು. ನಗದು ಕೊರತೆ ಬಂದರೆ ಅನುಸರಿಸುವ ಕ್ರಮವನ್ನೂ ಮೊದಲೇ ತಿಳಿಸುವುದು ಒಳ್ಳೆಯದು. ಪ್ರತಿಯೊಬ್ಬನಿಗೂ ಬೇರೆ ಲಾಗಿನ್ ಇಲ್ಲದೆ, ಪಾಳಿ ಬದಲಾಗುವಾಗ ಇಬ್ಬರೂ ಎಣಿಸಿ ಸಹಿ ಹಾಕುವ ಪದ್ಧತಿ ಇಲ್ಲದೆ, ಕೊರತೆಯನ್ನು ಟ್ರೈನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದರಿಂದ ನಿಜವಾದ ಸೋರಿಕೆಯೂ ಪತ್ತೆಯಾಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ನೋಡಿ, ಪ್ರತಿ ಇಟ್ಟುಕೊಂಡು, ಅಂದೇ ಹಿಂದಿರುಗಿಸಬೇಕು. ನೌಕರ ಬಿಟ್ಟುಹೋಗದಿರಲೆಂದು ಮೂಲ ದಾಖಲೆಗಳನ್ನು ಕಪಾಟಿನಲ್ಲಿಡುವ ರೂಢಿಯನ್ನು ಕೈಬಿಡುವುದು ಲೇಸು.

8. ಇತರ ವರ್ತಕರಿಗೆ ಸಂಬಂಧಿಸಿದ ಮಾತು

ಹೋಟೆಲ್ ನಡೆಸದ ಸದಸ್ಯರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಕೌಂಟರುಗಳಲ್ಲಿ ಓದು ಮುಗಿಸಿದ ಯುವಕ ಯುವತಿಯರು ಕೆಲವು ತಿಂಗಳು ದುಡಿದು ಮುಂದಿನ ಕೆಲಸ ಹುಡುಕಿ ಹೋಗುತ್ತಾರೆ. ಹೋಗುವಾಗ ಅವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಬಂಧುಗಳಾಗಿದ್ದರಂತೂ ಕಾಗದದ ಪ್ರಸ್ತಾಪವೇ ಬರುವುದಿಲ್ಲ. ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಸಾಕು: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸ, ನಗದು ಅವರ ವಶದಲ್ಲಿತ್ತೇ, ಲೆಕ್ಕ ಸರಿಯಾಗಿ ಒಪ್ಪಿಸಿದರೇ. ಬಂಧುತ್ವವಿದ್ದರೆ ಅದನ್ನೂ ಬರೆಯಬೇಕು. ಮುಚ್ಚಿಟ್ಟ ಸಂಬಂಧ ಆಮೇಲೆ ತಿಳಿದರೆ ಇಡೀ ಪತ್ರವೇ ಸಂಶಯಕ್ಕೆ ಒಳಗಾಗುತ್ತದೆ. ಬರೆದದ್ದು ನಿಜವಾಗಿರಬೇಕು, ಹೊಗಳಿಕೆ ಅಗತ್ಯವಿಲ್ಲ. ಗದಗದ ಆ ಅಂಗಡಿಯ ಮಾಲೀಕರು ಇಂತಹ ನಾಲ್ಕು ಸಾಲು ಬರೆದುಕೊಟ್ಟಿದ್ದರೆ, ಅವರ ಸೋದರಳಿಯ ಆ 14 ತಿಂಗಳುಗಳನ್ನು ಪತ್ರದಿಂದ ಬಿಡುತ್ತಿರಲಿಲ್ಲ.

ಸಾರಾಂಶ

ಅ) ತರಬೇತಿಯ ಒಟ್ಟು ತಿಂಗಳುಗಳನ್ನಲ್ಲ, ಫ್ರಂಟ್ ಆಫೀಸಿನಲ್ಲಿ ಕಳೆದ ವಾರಗಳನ್ನು ಲಾಗ್ ಪುಸ್ತಕದಲ್ಲಿ ನೋಡಬೇಕು.
ಆ) ‘ಪರಿಣತಿ’ ಎಂದಿರುವ ಪ್ರತಿ ಕಡೆ, ನೋಡಿದ್ದೋ ಮಾಡಿದ್ದೋ ಎಂದು ಕೇಳಬೇಕು.
ಇ) ಖಾಲಿ ಬಿಟ್ಟ ಅವಧಿಯ ಬಗ್ಗೆ ವಿಚಾರಿಸದೆ ಅರ್ಜಿಯನ್ನು ತಿರಸ್ಕರಿಸಬಾರದು.
ಈ) ಸಂದರ್ಶನದಲ್ಲಿ ಒಂದು ಫೋಲಿಯೊ ಲೆಕ್ಕವನ್ನು ಮಾಡಿಸಬೇಕು.
ಉ) ‘ಟ್ರೈನಿ’ ಎಂದರೆ ನೋಂದಾಯಿತ ಅಪ್ರೆಂಟಿಸನೋ, ನೌಕರನೋ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ತೀರ್ಮಾನಿಸಬೇಕು.